3ಡಿ ಪ್ರಿಂಟರ್‌ನ ವಾಸ್ ಮೋಡ್‌ನಲ್ಲಿ ಮಾಡಿದ ಕುಂಡ ಬುಡದಲ್ಲಿ ಜಿನುಗುತ್ತಿದೆ. ಗೋಡೆ ದಪ್ಪ ಮಾಡಲಾ, ತಳ ದಪ್ಪ ಮಾಡಲಾ?

ಕುಂಡದಂಗಡಿ (ಕಲಬುರಗಿ) · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಜೇವರ್ಗಿ ರಸ್ತೆ ಕಡೆ ಒಂದು ನರ್ಸರಿಯವರು ಮನಿ ಪ್ಲಾಂಟ್ ಇಡೋಕೆ ಸಣ್ಣ ಕುಂಡ ಕೇಳಿದ್ದರು. ಮಣ್ಣು ಹಾಕಲ್ಲ, ಬರೀ ನೀರು. ಮೇಜಿನ ಮೇಲೆ ಇಡೋದು. ಹಾಗಾಗಿ ಒಂದು ಹನಿ ಕೂಡ ಸೋರಬಾರದು.

ಬಾಯಿ 100 ಮಿ.ಮೀ., ತಳ 70, ಎತ್ತರ 120. ಚೆಂದ ಕಾಣಲಿ ಅಂತ ಬುಡದ ಅಂಚನ್ನು 3 ಮಿ.ಮೀ. ಓರೆಯಾಗಿ ಕತ್ತರಿಸಿದ ಹಾಗೆ ಮಾಡಿದ್ದೇನೆ, 45 ಡಿಗ್ರಿ. 0.4 ನಾಜಲ್, ಪಿಎಲ್‌ಎ, ಪದರ 0.3, ಗೆರೆ ಅಗಲ 0.45, ತಳಕ್ಕೆ 2 ಪದರ. ಸ್ಲೈಸರ್‌ನಲ್ಲಿ ಸ್ಪೈರಲ್ ವಾಸ್ ಟಿಕ್ ಮಾಡಿದೆ, ಅಷ್ಟೇ.

ನೋಡೋಕೆ ಸೂಪರ್. ಹೊಲಿಗೆ ಗುರುತೇ ಇಲ್ಲ. ಸಂಜೆ ನೀರು ತುಂಬಿಸಿ ಮನೆಯ ಶಹಾಬಾದ್ ಕಲ್ಲಿನ ಮೇಲೆ ಇಟ್ಟೆ. ಬೆಳಿಗ್ಗೆ ಎತ್ತಿದರೆ ಕಲ್ಲಿನ ಮೇಲೆ ಬಳೆ ಹಾಗೆ ದುಂಡಗೆ ಕಪ್ಪು ಗುರುತು. ನೀರು ಒಂದು ಬೆರಳಷ್ಟು ಇಳಿದಿತ್ತು. ಮೂರು ಕುಂಡ ಮಾಡಿದೆ, ಮೂರೂ ಹಾಗೇ.

ಗೋಡೆ ತೆಳುವಾಯಿತಾ? 20 ಕುಂಡ ಕೊಡಬೇಕು.

ಬಿಸಿಲೂರು (ಕಲಬುರಗಿ) · ರಾತ್ರಿ 9:58

ಫ್ಲೋ 120 ಮಾಡಿ, ತಳಕ್ಕೆ 8 ಪದರ ಹಾಕಿ. ಮುಗೀತು. ನಾನು ಹಂಗೇ ಮಾಡೋದು.

ರೊಟ್ಟಿಬುಟ್ಟಿ (ಆಳಂದ) · ರಾತ್ರಿ 10:15

ನನ್ನದೂ ಇದೇ ಗೋಳು ನೋಡಿ. ಮಜ್ಜಿಗೆಗೆ ಒಂದು ಲೋಟ ಮಾಡಿದ್ದೆ. ಫ್ರಿಜ್‌ನಿಂದ ತೆಗೆದು ಇಟ್ಟರೆ ಐದು ನಿಮಿಷಕ್ಕೆ ಹೊರಗೆಲ್ಲ ಒದ್ದೆ. ಗೋಡೆಯಿಂದಲೇ ಬರುತ್ತಿದೆ. ಒರೆಸಿದರೆ ಮತ್ತೆ ಬರುತ್ತೆ. ಏನು ಮಾಡೋದು?

ಲೇಥ್ ಮೇಷ್ಟ್ರು (ಯಾದಗಿರಿ) · ರಾತ್ರಿ 10:50

ಅಕ್ಕಾ, ಮೊದಲು ನಿಮ್ಮದು ಮುಗಿಸುತ್ತೇನೆ. ನಿಮ್ಮ ಲೋಟ ಸೋರುತ್ತಿಲ್ಲ, ಬೆವರುತ್ತಿದೆ. ಮಳೆಗಾಲದ ಗಾಳಿಯಲ್ಲಿ ತಣ್ಣನೆಯ ಪಾತ್ರೆ ಯಾವುದಿದ್ದರೂ ಹಾಗೇ. ಸ್ಟೀಲ್ ಲೋಟಕ್ಕೂ ಬರುತ್ತಲ್ವಾ? ನಲ್ಲಿ ನೀರು ತುಂಬಿಸಿ ಒಂದು ರಾತ್ರಿ ಇಡಿ, ಒಣಗಿದ್ದರೆ ಸೋರಿಕೆ ಇಲ್ಲ. ಆದರೆ ಅದರಲ್ಲಿ ಮಜ್ಜಿಗೆ ಕುಡಿಯೋದು ಬೇಡ. ಪದರಗಳ ನಡುವಿನ ಸಣ್ಣ ಗೀರುಗಳಲ್ಲಿ ಹಾಲಿನ ಜಿಡ್ಡು ಉಳಿಯುತ್ತದೆ, ಎಷ್ಟು ಉಜ್ಜಿದರೂ ಹೋಗಲ್ಲ.

ಈಗ ಕುಂಡದಂಗಡಿಯವರ ವಿಷಯ. ಕಲ್ಲಿನ ಮೇಲೆ ಬಳೆ ಗುರುತು ಬಿದ್ದಿದೆ ಅಂದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ತಳದ ನಡುವೆ ಸೋರಿದ್ದರೆ ನಡುವೆ ಚುಕ್ಕೆ ಬೀಳುತ್ತಿತ್ತು. ಆದರೆ ಗೋಡೆಯಲ್ಲಿ ಎಲ್ಲೋ ಮೇಲೆ ಸೋರಿದರೂ ನೀರು ಇಳಿದು ಬುಡದಲ್ಲೇ ಬಳೆ ಆಗುತ್ತದೆ. ಎರಡನ್ನೂ ಬೇರೆ ಮಾಡಬೇಕು.

ಕುಂಡವನ್ನು ಎರಡು ಪೆನ್ಸಿಲ್ ಮೇಲೆ ಇಡಿ. ಒಂದು ಸೆಂ.ಮೀ. ಮಾತ್ರ ನೀರು ಹಾಕಿ, ಸ್ವಲ್ಪ ಅಡುಗೆ ಬಣ್ಣ ಬೆರೆಸಿ. ಒಂದು ಗಂಟೆ ಬಿಟ್ಟು ಟಿಶ್ಯೂ ಪೇಪರ್‌ನಿಂದ ಹೊರಗೆ ಸುತ್ತ ಒತ್ತಿ, ಎಲ್ಲಿ ಬಣ್ಣ ಹತ್ತುತ್ತೆ ನೋಡಿ. ಅಷ್ಟು ಕಡಿಮೆ ನೀರಿಗೇ ಜಿನುಗಿದರೆ ಮೇಲಿನ ಗೋಡೆಯನ್ನು ಮರೆತುಬಿಡಿ.

ಕುಂಡದಂಗಡಿ · ಸೋಮವಾರ ಬೆಳಿಗ್ಗೆ 7:30

ನೋಡಿದೆ ಸರ್. ಒಂದು ಸೆಂ.ಮೀ. ನೀರಿಗೇ ಜಿನುಗುತ್ತಿದೆ. ತಳದ ಮಟ್ಟಸ ಭಾಗ ಒಣಗಿದೆ. ಆ ಓರೆ ಅಂಚು ಇದೆಯಲ್ಲ, ಅದರ ಸುತ್ತ ಕೆಂಪು ಗೆರೆ. ಟಿಶ್ಯೂ ಮೇಲೆ ಎರಡು ತೆಳು ಗೆರೆ ಬಂತು, ಒಂದರ ಮೇಲೊಂದು. ಬೆಳಕಿಗೆ ಹಿಡಿದರೆ ಅಲ್ಲಿ ಸಾಲಾಗಿ ಸೂಜಿ ಚುಚ್ಚಿದ ಹಾಗೆ ಬೆಳಕು ಕಾಣುತ್ತೆ!

ಲೇಥ್ ಮೇಷ್ಟ್ರು · ಬೆಳಿಗ್ಗೆ 8:05

ಹಾಗಿದ್ದರೆ ಕಳ್ಳ ಸಿಕ್ಕ. ನಿಮ್ಮ ತಳ 2 ಪದರ, ಅಂದರೆ 0.6 ಮಿ.ಮೀ. ಓರೆ ಅಂಚು 3 ಮಿ.ಮೀ. ಎತ್ತರ. 0.6ರಿಂದ 3ರವರೆಗೆ ಆ ಓರೆ ಭಾಗ ಪೂರ್ತಿ ಒಂದೇ ಗೆರೆಯ ಸುರುಳಿ ಮೇಲೆ ನಿಂತಿದೆ. ಹಿಂದೆ ಆಸರೆಗೆ ಏನೂ ಇಲ್ಲ.

ನಾಜಲ್‌ನಿಂದ ಬರುವ ಗೆರೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಅದು ಚೌಕ ಅಲ್ಲ. ಎರಡು ಕಡೆ ದುಂಡು, ನಡುವೆ ಚಪ್ಪಟೆ. ಚಪ್ಪಟೆ ಭಾಗದ ಅಗಲ ಸುಮಾರಾಗಿ ಗೆರೆ ಅಗಲದಲ್ಲಿ ಪದರದ ಎತ್ತರ ಕಳೆದರೆ ಬರುತ್ತದೆ. ಕೆಳಗಿನ ಪದರಕ್ಕೆ ಸರಿಯಾಗಿ ಅಂಟುವುದು ಆ ಚಪ್ಪಟೆ ಭಾಗ ಮಾತ್ರ. ನಿಮ್ಮದು 0.45 ಕಳೆ 0.3, ಉಳಿದಿದ್ದು 0.15.

ಈಗ 45 ಡಿಗ್ರಿ ಓರೆಯಲ್ಲಿ ಪ್ರತಿ ಸುತ್ತೂ ಪದರದ ಎತ್ತರದಷ್ಟೇ ಹೊರಗೆ ಸರಿಯುತ್ತದೆ, ಅಂದರೆ 0.3. ಅಂಟೋಕೆ ಇರೋದು 0.15, ಸರಿಯೋದು 0.3. ಗೆರೆ ಮೇಲೆ ಗೆರೆ ಕೂತಿಲ್ಲ, ದುಂಡು ಅಂಚುಗಳು ಬರೀ ಮುಟ್ಟಿಕೊಂಡಿವೆ. ನೀವು ಬೆಳಕಿಗೆ ಕಂಡ ಸೂಜಿ ತೂತು ಅದೇ.

ಮೇಲಿನ ಗೋಡೆಗೆ ಈ ತೊಂದರೆ ಇಲ್ಲ. 120 ಎತ್ತರದಲ್ಲಿ ಪ್ರತಿ ಬದಿ ಬರೀ 15 ಹೊರಗೆ ಹೋಗುತ್ತೆ. ಪ್ರತಿ ಸುತ್ತಿಗೆ 0.04ರಷ್ಟು. ಅದಕ್ಕೇ ಅಲ್ಲಿ ಒಣಗಿದೆ.

ಬಿಸಿಲೂರು · ಬೆಳಿಗ್ಗೆ 9:20

ಸರ್, ನಾನೂ ಅದನ್ನೇ ಹೇಳಿದ್ದಲ್ವಾ. ತಳ 8 ಪದರ ಮಾಡಿದರೆ 2.4 ಮಿ.ಮೀ. ಆಗುತ್ತೆ, ಓರೆ ಅಂಚು ಮುಕ್ಕಾಲು ಭಾಗ ಗಟ್ಟಿ ತಳದೊಳಗೆ ಬಂತು. ಫ್ಲೋ ಜಾಸ್ತಿ ಮಾಡಿದರೆ ಗೆರೆಯೂ ದಪ್ಪ ಆಗುತ್ತೆ.

ಲೇಥ್ ಮೇಷ್ಟ್ರು · ಬೆಳಿಗ್ಗೆ 9:45

ಅರ್ಧ ಸರಿ ತಮ್ಮಾ. ಫ್ಲೋ 120 ಮಾಡಿದರೆ ಪ್ಲಾಸ್ಟಿಕ್ ಜಾಸ್ತಿ ಬರುತ್ತೆ, ಆದರೆ ಸ್ಲೈಸರ್‌ಗೆ ಅದು ಗೊತ್ತಿರಲ್ಲ. ಗೆರೆ 0.45 ಅಂತಲೇ ಅಂದುಕೊಂಡು ದಾರಿ ಹಾಕಿರುತ್ತೆ. ಹೆಚ್ಚಾದದ್ದು ಹೊರಗೆ ಉಬ್ಬುತ್ತೆ, ಅಳತೆ ತಪ್ಪುತ್ತೆ, ತಳದಲ್ಲಿ ನಾಜಲ್ ಉಜ್ಜಿಕೊಂಡು ಹೋಗುತ್ತೆ. ಅದರ ಬದಲು ಗೆರೆ ಅಗಲವನ್ನೇ 0.6 ಅಂತ ಕೊಟ್ಟರೆ ಸ್ಲೈಸರ್ ದಾರಿಯನ್ನೂ ಸರಿಸಿ ಪ್ಲಾಸ್ಟಿಕ್ಕನ್ನೂ ಲೆಕ್ಕ ಹಾಕಿ ಬಿಡುತ್ತೆ. 0.4 ನಾಜಲ್‌ನಲ್ಲಿ 0.6 ಆರಾಮಾಗಿ ಬರುತ್ತದೆ, ಯಾಕಂದರೆ ತೂತಿನ ಸುತ್ತ ಚಪ್ಪಟೆ ಮೂತಿ ಇದೆ, ಅದು ಒತ್ತಿ ಹರಡುತ್ತೆ. 0.8 ಕೂಡ ಕೆಲವರು ಮಾಡುತ್ತಾರೆ. ನನಗೆ ಅಲ್ಲಿ ಅಂಚು ಒರಟಾಗಿ ಕಂಡಿದೆ. 0.8 ಬೇಕಾದರೆ 0.6 ನಾಜಲ್ ಹಾಕೋದು ಒಳ್ಳೇದು.

ತಳಕ್ಕೆ 8 ಪದರ ಅನ್ನೋದಕ್ಕೆ ಇನ್ನೊಂದು ಮಾತಿದೆ. ಕುಂಡದಂಗಡಿಯವರು ಟಿಶ್ಯೂ ಮೇಲೆ ಎರಡು ಗೆರೆ ಬಂತು ಅಂದರು. ಮೇಲಿನದು ಓರೆ ಅಂಚಿನದು. ಕೆಳಗಿನದು ಬೇರೆ ರೋಗ.

ವಾಸ್ ಮೋಡ್‌ನಲ್ಲಿ ತಳದ ಪದರ ಹೇಗೆ ಬೀಳುತ್ತೆ ನೆನಪು ಮಾಡಿಕೊಳ್ಳಿ. ಸುತ್ತ ಒಂದೇ ಒಂದು ಗೆರೆ, ಒಳಗೆ ಅಡ್ಡ ಗೆರೆಗಳು. ಅಡ್ಡ ಗೆರೆ ಅಂಚಿಗೆ ಬಂದು ತಿರುಗುವಾಗ ಸುತ್ತಿನ ಗೆರೆಯ ಪಕ್ಕ ಸಣ್ಣ ಮೂಲೆ ಖಾಲಿ ಉಳಿಯುತ್ತೆ. ತಳದ ನಡುವಿನ ಸಂದುಗಳನ್ನು ಮೇಲಿನ ಪದರ ಮುಚ್ಚುತ್ತೆ, ಯಾಕಂದರೆ ಗೆರೆಗಳ ದಿಕ್ಕು ಬದಲಾಗುತ್ತೆ. ಆದರೆ ಅಂಚಿನಲ್ಲಿ ಸುತ್ತಿನ ಗೆರೆಯ ಮೇಲೆ ಸುತ್ತಿನ ಗೆರೆ, ಸಂದಿನ ಮೇಲೆ ಸಂದು. 8 ಪದರ ಹಾಕಿದರೂ ಸಂದು 8 ಪದರ ಎತ್ತರ ಆಗುತ್ತೆ, ಅಷ್ಟೇ. ಅದನ್ನು ಮುಚ್ಚೋದು ಪದರದ ಸಂಖ್ಯೆ ಅಲ್ಲ, ಅಡ್ಡ ಗೆರೆ ಸುತ್ತಿನ ಗೆರೆಯೊಳಗೆ ಎಷ್ಟು ನುಗ್ಗುತ್ತೆ ಅನ್ನೋದು. ಪ್ರೂಸಾ ಸ್ಲೈಸರ್‌ನಲ್ಲಿ ಅದು ಮೊದಲಿಗೆ 25% ಇರುತ್ತೆ. 35 ಮಾಡಿ. 50ಕ್ಕೆ ಹೋದರೆ ಸುತ್ತಿನ ಗೆರೆ ಹೊರಗೆ ಉಬ್ಬಿ ಬುಡ ಆನೆಗಾಲು ಆಗುತ್ತೆ.

ಕೋಟೆಬಾಗಿಲು (ಬೀದರ್) · ಬೆಳಿಗ್ಗೆ 11:10

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮ ಕಡೆ ಬಿದರಿ ಕೆಲಸದವರು ಹೂದಾನಿ ಮಾದರಿ ಬೇಕು ಅಂತಿದ್ದಾರೆ. ಸತು, ತಾಮ್ರ ಕರಗಿಸಿ ಮರಳಿನ ಅಚ್ಚಿಗೆ ಹುಯ್ಯುತ್ತಾರಲ್ಲ, ಅದಕ್ಕೆ. ವಾಸ್ ಮೋಡ್‌ನಲ್ಲಿ ಬೇಗ ಆಗುತ್ತೆ ಅಂತ ಒಂದು ಮಾಡಿ ಕೊಟ್ಟೆ. ಮರಳು ಕುಟ್ಟುವಾಗಲೇ ಪಟ್ ಅಂತ ಒಡೆದುಹೋಯಿತು. ಗೋಡೆ 0.6 ಮಾಡಿದರೆ ತಡೆಯುತ್ತಾ?

ಲೇಥ್ ಮೇಷ್ಟ್ರು · ಬೆಳಿಗ್ಗೆ 11:30

ತಡೆಯಲ್ಲ. ಇಲ್ಲಿ ಮಾತಾಡುತ್ತಿರೋದು ನೀರು ನಿಲ್ಲೋ ಗೋಡೆ ಬಗ್ಗೆ, ಪೆಟ್ಟು ತಿನ್ನೋ ಗೋಡೆ ಬಗ್ಗೆ ಅಲ್ಲ. ಮಾದರಿಗೆ ಮಾಮೂಲಿ ಮೋಡ್‌ನಲ್ಲಿ ಮೂರು ನಾಲ್ಕು ಗೋಡೆ, ಒಳಗೆ ತುಂಬಿದ್ದು ಬೇಕು. ಅಥವಾ ಈ ಚಿಪ್ಪಿನೊಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿಸಿ ನೋಡಿ. ಅದು ಗಟ್ಟಿಯಾಗುವಾಗ ಬಿಸಿ ಏರುತ್ತೆ, ಪಿಎಲ್‌ಎ ಸೊಟ್ಟಗಾಗಬಹುದು, ಸ್ವಲ್ಪ ಸ್ವಲ್ಪ ಹುಯ್ಯಿರಿ. ಜಾಸ್ತಿ ಮಾತು ಬೇಕಿದ್ದರೆ ಬೇರೆ ಎಳೆ ಶುರು ಮಾಡಿ, ನನಗೂ ಕುತೂಹಲ ಇದೆ.

ಕುಂಡದಂಗಡಿ · ಮಧ್ಯಾಹ್ನ 1:15

ಸರ್, ಹಾಗಾದರೆ ಓರೆ ಅಂಚು ತೆಗೆದುಬಿಡಲಾ? ನರ್ಸರಿಯವರಿಗೆ ಅದೇ ಇಷ್ಟ ಆಗಿತ್ತು.

ಲೇಥ್ ಮೇಷ್ಟ್ರು · ಮಧ್ಯಾಹ್ನ 1:40

ತೆಗೆಯೋದು ಬೇಡ, ಸಣ್ಣದು ಮಾಡಿ. ಪದರ 0.2, ತಳ 5 ಪದರ ಅಂದರೆ ತಳ 1 ಮಿ.ಮೀ. ಓರೆ ಅಂಚನ್ನು 0.8 ಮಾಡಿ. ಆಗ ಓರೆ ಪೂರ್ತಿ ಗಟ್ಟಿ ತಳದೊಳಗೆ ಮುಗಿಯುತ್ತೆ. ಸುರುಳಿ ಶುರುವಾಗುವ ಹೊತ್ತಿಗೆ ಗೋಡೆ ಹೆಚ್ಚು ಕಡಿಮೆ ನೆಟ್ಟಗೆ ನಿಂತಿರುತ್ತೆ. ದೊಡ್ಡ ಓರೆಯೇ ಬೇಕಾದರೆ 45 ಬಿಟ್ಟು ಇನ್ನೂ ನೆಟ್ಟಗೆ ಮಾಡಿ, 3 ಎತ್ತರಕ್ಕೆ 1 ಹೊರಗೆ. ಆಗ ಪ್ರತಿ ಸುತ್ತಿಗೆ 0.07 ಸರಿಯುತ್ತೆ. ಅಂಟೋಕೆ 0.6 ಕಳೆ 0.2, ಅಂದರೆ 0.4 ಇದೆ. ಧಾರಾಳವಾಯಿತು.

ಇನ್ನೊಂದು ಮಾತು. ಪಿಎಲ್‌ಎ ಬಿಟ್ಟು ಪಿಇಟಿಜಿ ಹಾಕಿ. ಮೇ ತಿಂಗಳಲ್ಲಿ ಕಿಟಕಿ ಪಕ್ಕ, ಇಲ್ಲ ಕಾರಿನಲ್ಲಿ ಇಟ್ಟರೆ ನಮ್ಮ ಬಿಸಿಲಿಗೆ ತೆಳು ಪಿಎಲ್‌ಎ ಕುಂಡ ಹಪ್ಪಳ ಆಗುತ್ತೆ. 60 ಡಿಗ್ರಿ ಹತ್ತಿರ ಮೆತ್ತಗಾಗೋ ವಸ್ತು ಅದು. ಪಿಇಟಿಜಿ 80ರವರೆಗೆ ತಡೆಯುತ್ತೆ. ಪದರ ಪದರ ಅಂಟೋದೂ ಚೆನ್ನಾಗಿದೆ. ಶಾಖ 245, ಫ್ಯಾನ್ 20ರಿಂದ 30% ಸಾಕು. ಫ್ಯಾನ್ ಜೋರು ಬಿಟ್ಟರೆ ಪದರ ಆರಿಹೋಗಿ ಕೈಯಲ್ಲಿ ಒತ್ತಿದರೆ ಸುತ್ತಲೂ ಬಿರುಕು ಬಿಡುತ್ತೆ.

ಪ್ರೂಸಾ ಸ್ಲೈಸರ್‌ನಲ್ಲಿ ಬದಲಿಸಬೇಕಾದ್ದು ಇಷ್ಟೇ:

```
spiral_vase = 1
layer_height = 0.2
external_perimeter_extrusion_width = 0.6
bottom_solid_layers = 5
infill_overlap = 35%
```

ಗೋಡೆಯ ವೇಗ ಸೆಕೆಂಡಿಗೆ 35 ಮಿ.ಮೀ. ಇಡಿ. 0.6 ಗುಣಿಸು 0.2 ಗುಣಿಸು 35, ಸೆಕೆಂಡಿಗೆ 4.2 ಘನ ಮಿ.ಮೀ. ಪ್ಲಾಸ್ಟಿಕ್. ಮಾಮೂಲಿ ಹಾಟ್‌ಎಂಡ್‌ಗೆ ಇದು ಭಾರ ಅಲ್ಲ. ಒಂದು ಕುಂಡಕ್ಕೆ ಒಂದೂಕಾಲು ಗಂಟೆ, 30 ಗ್ರಾಂ ಹತ್ತಿರ.

ಮಾಡೆಲ್ ಗಟ್ಟಿಯಾಗಿಯೇ ಇರಲಿ. ಡಿಸೈನ್‌ನಲ್ಲಿ ಒಳಗೆ ಟೊಳ್ಳು ಮಾಡಬೇಡಿ. ಟೊಳ್ಳು ಮಾಡೋದು ಸ್ಲೈಸರ್ ಕೆಲಸ.

ಬಿಸಿಲೂರು · ಮಧ್ಯಾಹ್ನ 2:30

ಇಷ್ಟೆಲ್ಲ ಯಾಕೆ? ವಾಸ್ ಮೋಡ್ ಬಿಟ್ಟು ಮಾಮೂಲಿಯಾಗಿ ಮೂರು ಗೋಡೆ ಹಾಕಿ. ನನ್ನದು ಒಂದೂ ಸೋರಿಲ್ಲ.

ಲೇಥ್ ಮೇಷ್ಟ್ರು · ಮಧ್ಯಾಹ್ನ 3:00

ಹಾಕಬಹುದು. ಆದರೆ ಮಾಮೂಲಿ ಮೋಡ್‌ನಲ್ಲಿ ಪ್ರತಿ ಪದರ ಶುರುವಾಗಿ ನಿಲ್ಲೋ ಜಾಗ ಇರುತ್ತಲ್ಲ, ಆ ಹೊಲಿಗೆ ಉದ್ದಕ್ಕೂ ನೀರಿಗೆ ದಾರಿ ಸಿಗುತ್ತೆ. ನನ್ನ ಅನುಭವದಲ್ಲಿ ಎರಡು ತೆಳು ಗೋಡೆಗಿಂತ ಒಂದು ಅಗಲದ ಸುರುಳಿ ಗೋಡೆ ಮೇಲು. ಅಲ್ಲಿ ನಿಲ್ಲೋದೇ ಇಲ್ಲ.

ಬಿಸಿಲೂರು · ಮಧ್ಯಾಹ್ನ 3:05

ನಾನು ಎರಡು ಅಂದಿಲ್ಲ ಸರ್, ಮೂರು ಅಂದೆ. 😄

ಲೇಥ್ ಮೇಷ್ಟ್ರು · ಮಧ್ಯಾಹ್ನ 3:12

ಮೂರಾದರೆ ಎರಡು ಪಟ್ಟು ಹೊತ್ತು. 20 ಕುಂಡ ನೀನೇ ಮಾಡಿಕೊಡು ಹಾಗಾದರೆ.

ಕುಂಡದಂಗಡಿ · ಶನಿವಾರ ಸಂಜೆ 6:20

ವರದಿ ಒಪ್ಪಿಸುತ್ತೇನೆ. ಸರ್ ಹೇಳಿದ ಹಾಗೇ ಮಾಡಿ ಪಿಇಟಿಜಿಯಲ್ಲಿ ಆರು ಕುಂಡ ತೆಗೆದೆ. ಆರಕ್ಕೂ ಕತ್ತಿನವರೆಗೆ ನೀರು ತುಂಬಿಸಿ ಕಲ್ಲಿನ ಮೇಲೆ 24 ಗಂಟೆ ಇಟ್ಟೆ. ಬುಡದ ಬಳೆ ಗುರುತು ಒಂದರಲ್ಲೂ ಇಲ್ಲ! ನಾಲ್ಕು ಪೂರ್ತಿ ಒಣ.

ಐದನೆಯದರಲ್ಲಿ ಅರ್ಧ ಎತ್ತರದಲ್ಲಿ ಒಂದೇ ಒಂದು ಚುಕ್ಕೆಯಿಂದ ನೀರು ಬರುತ್ತಿದೆ. ಹಣೆ ಮೇಲಿನ ಬೆವರಿನ ಹಾಗೆ ಒಂದು ಹನಿ ನಿಂತು, ದಪ್ಪಗಾಗಿ, ಜಾರುತ್ತೆ. ಅದನ್ನು ಪ್ರಿಂಟ್ ಮಾಡುವಾಗ ನಾಜಲ್‌ನಿಂದ ಚಿಟಿ ಚಿಟಿ ಸದ್ದು ಬರುತ್ತಿತ್ತು, ಸಾಸಿವೆ ಸಿಡಿದ ಹಾಗೆ. ಗೋಡೆ ಮೇಲೆ ಅಲ್ಲಲ್ಲಿ ಮಂಜು ಮಂಜು.

ಆರನೆಯದು ಕರೆಂಟ್ ಹೋದಾಗ ನಿಂತಿತ್ತು. 20 ನಿಮಿಷ ಆದ ಮೇಲೆ ಬಂತು, ರೆಸ್ಯೂಮ್ ಕೊಟ್ಟೆ. ಕಣ್ಣಿಗೆ ಒಂದು ಸಣ್ಣ ಗಂಟು ಬಿಟ್ಟರೆ ಏನೂ ಕಾಣಲ್ಲ. ಆದರೆ ನೀರು ಸರಿಯಾಗಿ ಆ ಗೆರೆಯವರೆಗೆ ಇಳಿದು ನಿಂತಿದೆ.

ಲೇಥ್ ಮೇಷ್ಟ್ರು · ಸಂಜೆ 7:00

ಐದನೆಯದು ಒದ್ದೆ ಫಿಲಮೆಂಟ್. ಮಳೆಗಾಲದಲ್ಲಿ ಪಿಇಟಿಜಿ ಸುರುಳಿಯನ್ನು ಬಯಲಲ್ಲಿ ಬಿಟ್ಟರೆ ಗಾಳಿಯ ನೀರು ಹೀರುತ್ತೆ. ನಾಜಲ್‌ನಲ್ಲಿ ಅದು ಆವಿಯಾಗಿ ಗುಳ್ಳೆ ಒಡೆಯುತ್ತೆ. ನೀವು ಕೇಳಿದ ಸಾಸಿವೆ ಸದ್ದು ಅದೇ. ಮಾಮೂಲಿ ಪ್ರಿಂಟ್‌ನಲ್ಲಿ ಹಿಂದೆ ಇನ್ನೊಂದು ಗೋಡೆ ಇರುತ್ತೆ, ಗುಳ್ಳೆ ಒಡೆದರೂ ನಡೆಯುತ್ತೆ. ಇಲ್ಲಿ ಇರೋದೇ ಒಂದು ಗೋಡೆ, ಒಂದು ಗುಳ್ಳೆ ಅಂದರೆ ಒಂದು ತೂತು. 65 ಡಿಗ್ರಿಯಲ್ಲಿ ಆರು ಗಂಟೆ ಒಣಗಿಸಿ, ಒಣಗಿಸುವ ಡಬ್ಬಿಯಿಂದಲೇ ನೇರ ಮಷಿನ್‌ಗೆ ಬಿಡಿ.

ಆರನೆಯದಕ್ಕೆ ಮದ್ದಿಲ್ಲ. ಆರಿದ ಗೋಡೆಯ ಮೇಲೆ ಬಿಸಿ ಗೆರೆ ಕೂತರೆ ಬೆಸುಗೆ ಆಗಲ್ಲ. ಸುರುಳಿಯಲ್ಲಿ ಮಷಿನ್ ಕ್ಷಣ ಕ್ಷಣ ಮೇಲೇರುತ್ತಿರುತ್ತೆ, ನಿಂತ ಜಾಗಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ವಾಪಸ್ ಬರೋದು ಕಷ್ಟ. ನೀರಿನ ಪಾತ್ರೆಗೆ ರೆಸ್ಯೂಮ್ ಕೊಡಲೇಬೇಡಿ. ಅದನ್ನು ಪೆನ್ನು ಇಡೋಕೆ ಇಟ್ಟುಕೊಳ್ಳಿ. ಯುಪಿಎಸ್ ಇಟ್ಟರೆ ಒಳ್ಳೇದು. ಬೆಡ್ ಹೀಟರ್ ಜಾಸ್ತಿ ಕರೆಂಟ್ ಎಳೆಯುತ್ತೆ, ಸಣ್ಣ ಕಂಪ್ಯೂಟರ್ ಯುಪಿಎಸ್ ಕೆಲವೇ ನಿಮಿಷ ತಡೆಯುತ್ತೆ, ಅದನ್ನು ಲೆಕ್ಕ ಹಾಕಿ ತಗೊಳ್ಳಿ.

ರೊಟ್ಟಿಬುಟ್ಟಿ · ರಾತ್ರಿ 8:10

ಮೇಷ್ಟ್ರೇ, ನನ್ನ ಲೋಟ ರಾತ್ರಿಯಿಡೀ ಇಟ್ಟೆ. ಹನಿ ಬಂದಿಲ್ಲ. ನೀವು ಹೇಳಿದ್ದೇ ಸರಿ, ಬೆವರು. ಈಗ ಅದರಲ್ಲಿ ಕರಿಬೇವಿನ ಕಡ್ಡಿ ಇಟ್ಟಿದ್ದೇನೆ.

ಕೋಟೆಬಾಗಿಲು · ರಾತ್ರಿ 8:45

ಒಳಗೆ ಎಪಾಕ್ಸಿ ಬಳಿದುಬಿಟ್ಟರೆ ಈ ತಲೆನೋವೆಲ್ಲ ಇರಲ್ಲ ಅಲ್ವಾ?

ಲೇಥ್ ಮೇಷ್ಟ್ರು · ರಾತ್ರಿ 9:05

ಒಂದೆರಡು ಕುಂಡಕ್ಕೆ ಸರಿ. ಇಪ್ಪತ್ತಕ್ಕೆ ಬಳಿಯುತ್ತಾ ಕೂತರೆ ಪ್ರಿಂಟ್‌ಗಿಂತ ಅದಕ್ಕೇ ಜಾಸ್ತಿ ಹೊತ್ತು. ಮಾರೋ ಮುಂಚೆ ಪ್ರತಿಯೊಂದನ್ನೂ ಕಲ್ಲಿನ ಮೇಲೆ ಒಂದು ದಿನ ಇಟ್ಟು ನೋಡೋದು ಸುಲಭ.

ಕುಂಡದಂಗಡಿ · ರಾತ್ರಿ 9:30

ಸರ್, ಇನ್ನೊಂದೇ ಪ್ರಶ್ನೆ. ನರ್ಸರಿಯವರು ಈಗ ಬಟ್ಟಲಿನ ಆಕಾರ ಕೇಳುತ್ತಿದ್ದಾರೆ. ಗಡಿಗೆ ಹಾಗೆ ದುಂಡು ತಳ, ನಡುವೆ ಸ್ವಲ್ಪ ಮಾತ್ರ ಮಟ್ಟಸ.

ಲೇಥ್ ಮೇಷ್ಟ್ರು · ರಾತ್ರಿ 9:50

ಅದು ಓರೆ ಅಂಚಿನ ದೊಡ್ಡಣ್ಣ. ದುಂಡು ತಳದಲ್ಲಿ ಶುರುವಿನ ಕೆಲವು ಸುತ್ತು ಹೆಚ್ಚು ಕಡಿಮೆ ಮಲಗಿಯೇ ಇರುತ್ತೆ, ಪ್ರತಿ ಸುತ್ತೂ ಗೆರೆ ಅಗಲಕ್ಕಿಂತ ಜಾಸ್ತಿ ಹೊರಗೆ ಹಾರುತ್ತೆ. ನಾನು 0.12 ಪದರ, 0.8 ಗೆರೆ, 0.6 ನಾಜಲ್ ಹಾಕಿ ನೋಡಿದ್ದೇನೆ. ಗೋಡೆ 45 ಡಿಗ್ರಿಗೆ ಏಳುವವರೆಗೂ ಗಟ್ಟಿ ತಳದ ಪದರ ಹಾಕಬೇಕಾಯಿತು, ಬುಡ ಭಾರ ಆಯಿತು. ಮೂರರಲ್ಲಿ ಒಂದು ಆಗಲೂ ಜಿನುಗಿತು.

ಬಿಸಿಲೂರು · ರಾತ್ರಿ 9:52

ಬಟ್ಟಲನ್ನು ಬೋರಲು ಹಾಕಿ ಪ್ರಿಂಟ್ ಮಾಡಿದರೆ?

ಲೇಥ್ ಮೇಷ್ಟ್ರು · ರಾತ್ರಿ 10:01

ಬೋರಲು ಹಾಕಿದರೆ ತಳ ಕೊನೆಗೆ ಬರುತ್ತೆ. ವಾಸ್ ಮೋಡ್‌ನಲ್ಲಿ ಮೇಲಿನ ಮುಚ್ಚಳದ ಪದರವೇ ಇಲ್ಲ, ತೂತು ಉಳಿಯುತ್ತೆ. ತಳವನ್ನು ಬೇರೆ ಮಾಡಿ ಅಂಟಿಸಬಹುದೇನೋ. ನಾನು ಮಾಡಿಲ್ಲ. ನೀನು ಮಾಡಿದರೆ ಕಲ್ಲಿನ ಮೇಲಿಟ್ಟ ಫೋಟೋ ಹಾಕು.

ಬಿಸಿಲೂರು · ರಾತ್ರಿ 10:04

ಆಯ್ತು ಸರ್. ನಮ್ಮ ಮನೆಯಲ್ಲಿ ಟೈಲ್ಸ್, ಶಹಾಬಾದ್ ಕಲ್ಲು ಇಲ್ಲ. ಪೇಪರ್ ಮೇಲೆ ಇಡುತ್ತೇನೆ.